ಹದಿನೆಂಟು ಗೇಜಿನ ಮುಚ್ಚಳ

ಭಾನುವಾರ ಮುಂಜಾನೆ ನಮ್ಮ ಮನೆಯ ಹಿತ್ತಲಿನಿಂದ ಟಕ್ ಟಕ್ ಸದ್ದು ಬಂದರೆ ಓಣಿಯವರು, 'ಮಾಸ್ತರು ತಗಡಿಗೆ ಕುಂತರು' ಅನ್ನುತ್ತಾರೆ. ಸಾಲಿಯ ಕೆಲಸದಿಂದ ನಿವೃತ್ತನಾದ ಮೇಲೆ ಹತ್ತಿದ ಹುಚ್ಚು ಇದು. ಜೋಳದ ಡಬ್ಬಿಯ ಮುಚ್ಚಳ, ಒಲೆಯ ಹೊಗೆಕೊಳವೆಯ ಟೊಪ್ಪಿಗೆ, ಪಕ್ಕದ ಮನೆಯ ಹಿಟ್ಟಿನ ಮೊರ ಇಂಥವೇ ನನ್ನ ಕೃತಿಗಳು. ಕತ್ತರಿ, ಕಟ್ಟಿಗೆಯ ಸುತ್ತಿಗೆ, ತಗಡು ಮಡಚಲು ಕೋನಪಟ್ಟಿಯ ಎರಡು ತುಂಡು, ಇಷ್ಟೇ ಬಂಡವಾಳ. ಇವುಗಳ ಜೊತೆಗೆ ಅಂಗೈಯಗಲದ ಒಂದು ಉಕ್ಕಿನ ಬಿಲ್ಲೆ ಇದೆ. ಅದರ ಅಂಚಿನ ಸುತ್ತ ಸೀಳುಗಳು, ಒಂದೊಂದು ಸೀಳಿಗೂ ಒಂದೊಂದು ಅಂಕಿ. ಹಳೆಯ ಸಾಮಾನಿನವನ ಹತ್ತಿರ ಸಿಕ್ಕದ್ದು. ತಗಡಿನ ಅಂಚನ್ನು ಸೀಳಿನಲ್ಲಿ ತೂರಿಸಿ, ಬಿಗಿಯಾಗಿ ಆದರೆ ಒತ್ತದೆ ಹೋದ ಸೀಳಿನ ಅಂಕಿ ಓದಿದರೆ ಅದೇ ಆ ತಗಡಿನ ಗೇಜು. ಸೀಳಿನ ತುದಿಗೊಂದು ದುಂಡು ತೂತಿರುತ್ತದೆ. ಹೊಸಬರು ಅಳತೆ ಅದರದೆಂದು ತಿಳಿಯುತ್ತಾರೆ, ನಾನೂ ಹಾಗೇ ತಿಳಿದಿದ್ದೆ. ತೂತಿಗೆ ಕೆಲಸವಿಲ್ಲ, ಅಳೆಯುವುದು ಸೀಳು.

ಈ ಅಂಕಿಯ ಸ್ವಭಾವವೇ ತಿರುಗುಮುರುಗು. ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು. ತಂತಿ ಎಳೆಯುವವರ ಲೆಕ್ಕದಿಂದ ಬಂದದ್ದೆಂದು ಗೊತ್ತಾದರೆ ಸಿಟ್ಟು ಇಳಿಯುತ್ತದೆ. ದಪ್ಪ ಸರಳನ್ನು ಅಚ್ಚಿನ ತೂತಿನಲ್ಲಿ ಒಮ್ಮೆ ಎಳೆದರೆ ಒಂದಿಷ್ಟು ಸಣ್ಣಗಾಗುತ್ತದೆ, ಇನ್ನೊಮ್ಮೆ ಎಳೆದರೆ ಇನ್ನಷ್ಟು. ಹೆಚ್ಚು ಸಲ ಎಳೆದದ್ದಕ್ಕೆ ಹೆಚ್ಚಿನ ಅಂಕಿ. ಪ್ರತಿ ಊರಿನ ಎಳೆತ ಬೇರೆಯಾದ್ದರಿಂದ ಪ್ರತಿ ಊರಿನ ಗೇಜೂ ಬೇರೆಯಾಯಿತು. ಕೊನೆಗೆ ಬ್ರಿಟಿಷರು 1884ರ ಮಾರ್ಚ್ 1ರಿಂದ ಒಂದೇ ಪಟ್ಟಿಯನ್ನು ಕಾಯ್ದೆ ಮಾಡಿದರು. ನಮ್ಮ ಪೇಟೆಯ ಬಾಯಲ್ಲಿ ಉಳಿದಿರುವುದು ಬಹುಮಟ್ಟಿಗೆ ಆ ಪಟ್ಟಿಯೇ. ಮಿಲಿಮೀಟರ್ ಬಂದು ಅರವತ್ತು ವರ್ಷದ ಮೇಲಾದರೂ ಸಿಂದಗಿಯಲ್ಲಿ ಪತ್ರಾಸ್ ಕೊಳ್ಳಲು ಹೋದರೆ 'ಯಾವ ಗೇಜ್ ಬೇಕ್ರೀ?' ಎಂದೇ ಕೇಳುತ್ತಾರೆ.

ನಾನು ಮಾತ್ರ ಮೊಬೈಲಿನಲ್ಲಿ ಸಿಕ್ಕ ಅಮೆರಿಕದ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡಿದ್ದೆ. ಉಕ್ಕಿನ ಸಾಲಿನಲ್ಲಿ 18 ಗೇಜಿಗೆ 1.21 ಮಿಲಿಮೀಟರ್, 20ಕ್ಕೆ 0.91. ಅಂಗಡಿಯಿಂದ ತಂದ ತಗಡೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ಹತ್ತು ವರ್ಷ ಒಂದು ಡಬ್ಬಿಯೂ ತಪ್ಪಲಿಲ್ಲ. ಪಟ್ಟಿಯ ಮೇಲೆ ನಂಬಿಕೆ ಬೆಳೆಯಲು ಇನ್ನೇನು ಬೇಕು?

ಹೋದ ವರ್ಷ ಇಂಡಿಯಲ್ಲಿರುವ ನನ್ನ ಅಳಿಯ ಮೋಟರ್‌ಸೈಕಲ್ಲಿನ ಹಿಂದೆ ಕಟ್ಟಲು ಹಗುರಾದ ಹತ್ಯಾರದ ಪೆಟ್ಟಿಗೆ ಬೇಕೆಂದ. ನಿಂಬೆ ತೋಟಕ್ಕೆ ದಿನಾ ಓಡಾಡುವವನು. ನಕಾಶೆಯನ್ನೂ ಅವನೇ ಕಳಿಸಿದ. ಅಮೆರಿಕದ್ದು, ಅಲ್ಯೂಮಿನಿಯಂ 18 ಗೇಜ್. ಅಂಗಡಿಗೆ ಹೋಗಿ ಎರಡಡಿ ಎರಡಡಿಯ ಎರಡು ತುಂಡು ತಂದೆ. ನಕಾಶೆಯಲ್ಲಿ ಪೆಟ್ಟಿಗೆಯ ಒಳ ಉದ್ದ 295.4 ಮಿಲಿಮೀಟರ್, ಮೇಲೆ ಕೂಡುವ ಮುಚ್ಚಳದ ಹೊರ ಉದ್ದ 300. ಎರಡು ಭಾನುವಾರ ಮಡಚಿದೆ. ಮುಚ್ಚಳ ಕೂಡಲೊಲ್ಲದು. ಮೂಲೆಗಳನ್ನು ತಟ್ಟಿದೆ, ಅಂಚು ಕಾನಸಿನಿಂದ ಉಜ್ಜಿದೆ, ಕೊನೆಗೆ ಮಂಡಿಯೂರಿ ಒತ್ತಿದೆ. ನನ್ನ ಮಡಿಕೆಯೇ ಸೊಟ್ಟ ಎಂದುಕೊಂಡು ಒಂದು ವಾರ ಮೋರೆ ಸಣ್ಣ ಮಾಡಿಕೊಂಡಿದ್ದೆ.

ಒಡಕು ತುಂಡೊಂದನ್ನು ಹಿಡಿದು ಅಂಗಡಿಗೆ ಹೋದೆ.

'ಸಾಹುಕಾರ್ರ, ಇದು ಹದಿನೆಂಟು ಹೌದಲ್ರೀ?'

'ನೀವು ಹದಿನೆಂಟು ಅಂದ್ರಿ ಮಾಸ್ತರ್ರ, ನಾ ಹದಿನೆಂಟೇ ಕೊಟ್ಟೇನಿ. ಬೇಕಾದ್ರ ಮೈಕ್ರೋಮೀಟರ್ ಹಚ್ಚಿ ನೋಡ್ರಿ.'

ಹಚ್ಚಿದೆ. 1.22. ಅವರ ಮಾತು ದಿಟವೇ, ಬ್ರಿಟಿಷ್ ಪಟ್ಟಿಯ 18 ಗೇಜು ಲೋಹ ಯಾವುದಾದರೂ 1.22. ಮನೆಗೆ ಬಂದು ಗೋಡೆಯ ಪಟ್ಟಿ ನೋಡಿದೆ. ಹತ್ತು ವರ್ಷ ಕಣ್ಣು ಹಾಯಿಸದ ಪಕ್ಕದ ಸಾಲಿನಲ್ಲಿ ಅಲ್ಯೂಮಿನಿಯಂ 18ರ ಮುಂದೆ 1.02 ಇತ್ತು. ಮುಚ್ಚಳದ ಎರಡು ಗೋಡೆ, ಪೆಟ್ಟಿಗೆಯ ಎರಡು ಗೋಡೆ, ಒಟ್ಟು ನಾಲ್ಕು ದಪ್ಪ. ನಕಾಶೆಯ ಪ್ರಕಾರ ಮುಚ್ಚಳದ ಒಳ ಉದ್ದ 297.96, ಪೆಟ್ಟಿಗೆಯ ಹೊರ ಉದ್ದ 297.44, ನಡುವೆ ಅರ್ಧ ಮಿಲಿಮೀಟರಿನ ಸಡಿಲು. ನನ್ನ ತಗಡಿನಲ್ಲಿ ಒಂದೊಂದು ಗೋಡೆಯೂ 0.2 ದಪ್ಪವಾಗಿ, ಪೆಟ್ಟಿಗೆ 297.84ಕ್ಕೆ ಉಬ್ಬಿತು, ಮುಚ್ಚಳ 297.56ಕ್ಕೆ ಕುಗ್ಗಿತು. ಮಂಡಿ ಅಲ್ಲ, ಆನೆ ಕೂತರೂ ಅದು ಕೂಡುವುದಿಲ್ಲ.

ಒಂದೇ ದೇಶದ ಪಟ್ಟಿಯಲ್ಲಿ ಒಂದೇ ಅಂಕಿಗೆ ಎರಡು ದಪ್ಪ ಏಕೆ? ಅಮೆರಿಕದ ಉಕ್ಕಿನ ಗೇಜು ನಿಜಕ್ಕೂ ದಪ್ಪದ ಅಳತೆಯಲ್ಲ, ತೂಕದ್ದು. 1893ರ ಅವರ ಕಾಯ್ದೆ ಕಬ್ಬಿಣ ಮತ್ತು ಉಕ್ಕಿನ ತಗಡಿಗೆ ಚದರಡಿಗೆ ಇಷ್ಟು ತೂಕ ಎಂದು ಅಂಕಿ ಕೊಟ್ಟಿತು. 18 ಗೇಜ್ ಎಂದರೆ ಚದರಡಿಗೆ 2 ಪೌಂಡು, 20 ಎಂದರೆ ಒಂದೂವರೆ, 24 ಎಂದರೆ 1. ಒಂದಿಂಚು ದಪ್ಪದ ಉಕ್ಕು ಚದರಡಿಗೆ 41.82 ಪೌಂಡು ತೂಗುತ್ತದೆ ಎಂಬುದು ಈಗಿನ ಪಟ್ಟಿಯ ಲೆಕ್ಕ. 2ನ್ನು ಅದರಿಂದ ಭಾಗಿಸಿದರೆ 0.0478 ಇಂಚು, ಅಂದರೆ 1.21 ಮಿಲಿಮೀಟರ್. ಗೋಡೆಯ ಪಟ್ಟಿಯ ಅಂಕಿ ಹುಟ್ಟಿದ್ದು ಹೀಗೆ.

ಇದೇ ತೂಕವನ್ನು ಅಲ್ಯೂಮಿನಿಯಂಗೆ ಹಾಕಿದರೆ ತಗಡು ಹೋಗಿ ಫಲಕವಾಗುತ್ತದೆ, ಏಕೆಂದರೆ ಅಲ್ಯೂಮಿನಿಯಂ ತೂಗುವುದು ಉಕ್ಕಿನ ಸುಮಾರು ಮೂರನೆಯ ಒಂದರಷ್ಟೇ. ಆದ್ದರಿಂದ ಅದು ತಾಮ್ರ, ಹಿತ್ತಾಳೆಗಳ ಬಳಗಕ್ಕೆ ಸೇರಿತು. ಆ ಬಳಗದ ಪಟ್ಟಿ 1857ರಲ್ಲಿ ಬ್ರೌನ್ ಅಂಡ್ ಶಾರ್ಪ್ ಎಂಬ ಅಮೆರಿಕದ ಕಂಪನಿ ತಂದದ್ದು. ತೂಕದ ಗೊಡವೆಯಿಲ್ಲದೆ, ದಪ್ಪವೇ ಒಂದು ನಿಯತ ಪ್ರಮಾಣದಲ್ಲಿ ಇಳಿಯುತ್ತದೆ. ಅದರ ಚೆಂದವೆಂದರೆ ಆರು ಅಂಕಿ ಏರಿದರೆ ದಪ್ಪ ಅರ್ಧ. 12 ಗೇಜ್ 2.05, 18 ಗೇಜ್ 1.02, 24 ಗೇಜ್ 0.51. ಗಣಿತ ಕಲಿಸಿದವನಿಗೆ ಇದು ಹಬ್ಬದೂಟ. ಉಕ್ಕಿನ ಪಟ್ಟಿಯಲ್ಲಿ ಈ ಲಯ ಹುಡುಕಬೇಡಿ.

ನನ್ನನ್ನು ಕೆಡವಿದ್ದು ಮಾತ್ರ ಕಾಕತಾಳೀಯ. 18 ಮತ್ತು 20ರಲ್ಲಿ ಅಮೆರಿಕದ ಉಕ್ಕೂ ಬ್ರಿಟಿಷ್ ಗೇಜೂ ಕೂದಲೆಳೆಯಷ್ಟು ಹತ್ತಿರ. ನಾನು ಬಳಸುತ್ತಿದ್ದುದು ಅವೆರಡನ್ನೇ. 16ಕ್ಕೆ ಕೈ ಹಾಕಿದ್ದರೆ ಒಬ್ಬರದು 1.52, ಇನ್ನೊಬ್ಬರದು 1.63, ಮೊದಲ ದಿನವೇ ಗುಟ್ಟು ಬಯಲಾಗುತ್ತಿತ್ತು. ಸತುವಿನ ಲೇಪದ ತಗಡಿಗೆ ಅಮೆರಿಕದಲ್ಲಿ ಇನ್ನೊಂದೇ ಪಟ್ಟಿ ಬೇರೆ, ಅದರ 18 ಗೇಜ್ 1.31.

ಅಸಲಿಗೆ ಸಾಕ್ಷಿ ನನ್ನ ಅಂಗಿಯ ಕಿಸೆಯಲ್ಲೇ ಇತ್ತು. ಅಲ್ಯೂಮಿನಿಯಂ ತೂಕಕ್ಕೆ ಮಾರುವ ಸರಕು. ಬಿಲ್ಲಿನಲ್ಲಿ 2 ಕೆಜಿ 450 ಗ್ರಾಂ ಎಂದು ಬರೆದಿತ್ತು. ಎರಡಡಿ ಎರಡಡಿ ಅಲ್ಯೂಮಿನಿಯಂ ತುಂಡು ಒಂದು ಮಿಲಿಮೀಟರ್ ದಪ್ಪವಿದ್ದರೆ ಸರಿಸುಮಾರು ಒಂದು ಕಿಲೋ ತೂಗುತ್ತದೆ. ಎರಡು ತುಂಡಿಗೆ 2.45 ಕೆಜಿ ಎಂದರೆ ದಪ್ಪ 1.22 ಎಂದೇ ಅರ್ಥ. ಉಕ್ಕಾದರೆ ಅದೇ ಅಳತೆಯ ತುಂಡಿಗೆ ಮಿಲಿಮೀಟರಿಗೆ 2.9 ಕೆಜಿ. ಮೈಕ್ರೋಮೀಟರ್ ಇಲ್ಲದವರು ತಕ್ಕಡಿಯನ್ನೇ ನೆಚ್ಚಬಹುದು. ಇದ್ದವರು ಕತ್ತರಿಸಿದ ಅಂಚಿನ ಮೇಲೆ ಅಳೆಯಬಾರದು. ಅಲ್ಲಿ ಮುಳ್ಳು ಎದ್ದಿರುತ್ತದೆ, ಎರಡು ಬೆರಳು ಒಳಗೆ ಹಿಡಿಯಬೇಕು. ಬಣ್ಣವಿದ್ದರೆ ಕೆರೆದು ಅಳೆಯಬೇಕು.

ಎರಡನೆಯ ಪೆಟ್ಟಿಗೆಗೆ ಹೋದಾಗ ಗೇಜಿನ ಮಾತೇ ಎತ್ತಲಿಲ್ಲ. 'ಒಂದು ಎಂಎಂ ಕೊಡ್ರಿ' ಅಂದೆ. ಕೊಟ್ಟದ್ದು 0.98 ಬಂತು, ಮುಚ್ಚಳ ಕೂತಿತು. ಮೊದಲನೆಯ ಪೆಟ್ಟಿಗೆ ಮುಚ್ಚಳವಿಲ್ಲದೆ ಹಿತ್ತಲಿನಲ್ಲಿದೆ, ನನ್ನ ಹೆಂಡತಿ ಅದರಲ್ಲಿ ಕೊತ್ತಂಬರಿ ಬೆಳೆದಿದ್ದಾಳೆ.