ಕೈಯಲ್ಲಿ ಉಳಿದ ಒಂದನ್ನು ಎಲ್ಲಿ ಸೇರಿಸಬೇಕು?

ಪ್ರಥಮ ಪಿಯುಸಿಯಲ್ಲಿ ದ್ವಿಮಾನ ಸಂಖ್ಯೆಗಳನ್ನು ಓದುವಾಗ ನನಗೊಂದು ಅನುಮಾನವಿತ್ತು. ಋಣ ಸಂಖ್ಯೆಗಳನ್ನು ಇಡಲು ಇಂದಿನ ಕಂಪ್ಯೂಟರ್‌ಗಳೆಲ್ಲ ಟೂಸ್ ಕಾಂಪ್ಲಿಮೆಂಟ್ ಬಳಸುತ್ತವೆ. ಹಾಗಿದ್ದರೆ ಒನ್ಸ್ ಕಾಂಪ್ಲಿಮೆಂಟನ್ನು ನಾವೇಕೆ ಕಲಿಯಬೇಕು? ಅಂಕಕ್ಕಾಗಿ ಉಳಿದುಕೊಂಡ ಹಳೆಯ ಪಾಠ ಎಂದೇ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ನಮ್ಮ ಜೇಬಿನ ಫೋನಿನಲ್ಲೇ ಕೆಲಸ ಮಾಡುತ್ತಿದೆ. ಇಂಟರ್ನೆಟ್‌ನಲ್ಲಿ ಟಿಸಿಪಿ ಮೂಲಕ ಹೋಗುವ ಪ್ರತಿ ಪ್ಯಾಕೆಟ್‌ನಲ್ಲೂ ಹದಿನಾರು ಬಿಟ್‌ಗಳ ಒಂದು ಚೆಕ್‌ಸಮ್ ಇರುತ್ತದೆ. ಅದನ್ನು ಲೆಕ್ಕ ಹಾಕುವುದು ಒನ್ಸ್ ಕಾಂಪ್ಲಿಮೆಂಟ್ ಕೂಡಿಕೆಯಿಂದ. ಆ ಕೂಡಿಕೆಯನ್ನೇ ಏಕೆ ಆರಿಸಿಕೊಂಡರು ಎಂಬುದು ನನಗೆ ಇಷ್ಟವಾದ ವಿಷಯ. ಕಾಗದ, ಪೆನ್ನು ಇದ್ದರೆ ಸಾಕು, ಎಲ್ಲವನ್ನೂ ನೀವೇ ಮಾಡಿ ನೋಡಬಹುದು.

ಚೆಕ್‌ಸಮ್ ಎಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳುವುದು ಸುಲಭ. ಈರುಳ್ಳಿ ಚೀಲಗಳನ್ನು ಲಾರಿಗೆ ಹಾಕುವಾಗ ಒಂದೊಂದು ಚೀಲದ ತೂಕವನ್ನೂ ಚೀಟಿಯಲ್ಲಿ ಬರೆದು, ಕೊನೆಗೆ ಗೆರೆ ಎಳೆದು ಒಟ್ಟು ಹಾಕುತ್ತಾರೆ. ಮಂಡಿಯಲ್ಲಿ ಇಳಿಸಿಕೊಳ್ಳುವವರು ತಾವೂ ತೂಗಿ ಕೂಡುತ್ತಾರೆ. ಎರಡು ಒಟ್ಟುಗಳು ಒಂದೇ ಆದರೆ ಮಾಲು ಸರಿಯಾಗಿ ಬಂತು ಎಂದು ಲೆಕ್ಕ. ಪ್ಯಾಕೆಟ್ ಕಳಿಸುವ ಯಂತ್ರವೂ ಇದನ್ನೇ ಮಾಡುತ್ತದೆ. ಸಂದೇಶವನ್ನು ಹದಿನಾರು ಹದಿನಾರು ಬಿಟ್‌ಗಳ ತುಂಡುಗಳಾಗಿ ನೋಡಿ, ಅವನ್ನು ಸಂಖ್ಯೆಗಳೆಂದು ಭಾವಿಸಿ ಕೂಡುತ್ತದೆ.

ಉದಾಹರಣೆಗೆ ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳೋಣ. ‘ಶಿವನಿ’ ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಐದು ಸಂಕೇತಗಳು: ಶ, ಗುಡಿಸು, ವ, ನ, ಮತ್ತೆ ಗುಡಿಸು. ಒಂದೊಂದಕ್ಕೂ ಹದಿನಾರು ಬಿಟ್‌ಗಳ ಒಂದು ಸಂಖ್ಯೆ ಇದೆ. ಹದಿನಾರು ಸೊನ್ನೆ-ಒಂದುಗಳನ್ನು ಬರೆಯುವ ಬದಲು ಹೆಕ್ಸಾಡೆಸಿಮಲ್‌ನಲ್ಲಿ ನಾಲ್ಕು ಅಂಕಿ ಬರೆದರೆ ಸಾಕು. ಅಲ್ಲಿ 9 ಆದ ಮೇಲೆ A ಎಂದರೆ ಹತ್ತು, ಹೀಗೆ F ಎಂದರೆ ಹದಿನೈದು. ಹದಿನಾರು ತುಂಬಿದಾಗ ಕೈಯಲ್ಲಿ ಒಂದು ಉಳಿಯುತ್ತದೆ.

```
ಶ  0CB6
 ಿ  0CBF
ವ  0CB5
ನ  0CA8
 ಿ  0CBF
```

ನಿಜವಾದ ಸಂದೇಶಗಳಲ್ಲಿ ಕನ್ನಡ ಅಕ್ಷರಗಳು ಸಾಮಾನ್ಯವಾಗಿ ಯುಟಿಎಫ್-8 ಎಂಬ ಬೇರೆ ರೂಪದಲ್ಲಿ, ಒಂದು ಸಂಕೇತಕ್ಕೆ ಮೂರು ಬೈಟ್‌ನಂತೆ ಹೋಗುತ್ತವೆ. ಕೂಡುವ ವಿಧಾನ ಬದಲಾಗದು. ಲೆಕ್ಕ ಸುಲಭವಾಗಲಿ ಎಂದು ಇಲ್ಲಿ ಹದಿನಾರು ಬಿಟ್‌ಗಳ ರೂಪವನ್ನೇ ಇಟ್ಟುಕೊಂಡಿದ್ದೇನೆ. ಈಗ ಕೂಡೋಣ.

```
0CB6 + 0CBF = 1975
1975 + 0CB5 = 262A
262A + 0CA8 = 32D2
32D2 + 0CBF = 3F91
```

ಒಟ್ಟು 3F91. ಕಳಿಸುವ ಯಂತ್ರ ಇದನ್ನು ಹಾಗೆಯೇ ಬರೆಯುವುದಿಲ್ಲ. ಎಲ್ಲ ಬಿಟ್‌ಗಳನ್ನೂ ತಿರುಗಿಸಿ, ಸೊನ್ನೆ ಇದ್ದಲ್ಲಿ ಒಂದು, ಒಂದು ಇದ್ದಲ್ಲಿ ಸೊನ್ನೆ ಮಾಡುತ್ತದೆ. ಅದೇ ಒನ್ಸ್ ಕಾಂಪ್ಲಿಮೆಂಟ್. FFFF ನಿಂದ 3F91 ಕಳೆದರೂ ಅದೇ ಬರುತ್ತದೆ: C06E. ಇದೇ ಚೆಕ್‌ಸಮ್. ಪಡೆಯುವವನು ಐದು ಸಂಖ್ಯೆಗಳ ಜೊತೆಗೆ ಇದನ್ನೂ ಸೇರಿಸಿ ಕೂಡುತ್ತಾನೆ. ಏನೂ ಕೆಡದಿದ್ದರೆ 3F91 + C06E = FFFF, ಅಂದರೆ ಎಲ್ಲ ಬಿಟ್‌ಗಳೂ ಒಂದು. ಒನ್ಸ್ ಕಾಂಪ್ಲಿಮೆಂಟ್‌ನಲ್ಲಿ FFFF ಕೂಡ ಸೊನ್ನೆಯ ಇನ್ನೊಂದು ರೂಪವೇ. ಆದ್ದರಿಂದ ಪಡೆಯುವವನ ಪ್ರಶ್ನೆ ಇಷ್ಟೇ: ಎಲ್ಲ ಸೇರಿ ಸೊನ್ನೆಯಾಯಿತೇ?

ದಾರಿಯಲ್ಲಿ ಒಂದೇ ಒಂದು ಬಿಟ್ ಕೆಟ್ಟು 0CB6 ಹೋಗಿ 0CB7 ಆಯಿತು ಎನ್ನಿ. ಆಗ ‘ಶಿವನಿ’ ಹೋಗಿ ‘ಷಿವನಿ’ ಆಗುತ್ತದೆ. ಒಟ್ಟು 3F92, ಅದಕ್ಕೆ C06E ಸೇರಿದರೆ 10000. ಐದು ಅಂಕಿ ಬಂತು! ಹದಿನಾರು ಬಿಟ್‌ಗಳಲ್ಲಿ ಜಾಗವಿರುವುದು ನಾಲ್ಕು ಅಂಕಿಗೆ ಮಾತ್ರ. ಮುಂದೆ ಉಳಿದ ಆ ಒಂದನ್ನು ಏನು ಮಾಡುವುದು? ನನ್ನ ಶೀರ್ಷಿಕೆಯ ಪ್ರಶ್ನೆ ಇದೇ.

ನಾವು ಬಳಸುವ ಸಾಮಾನ್ಯ ಪ್ರೊಸೆಸರ್‌ನ ಕೂಡಿಕೆಯಲ್ಲಿ ಆ ಒಂದು ಉತ್ತರದಿಂದ ಹೊರಗೆ ಬೀಳುತ್ತದೆ. ಒನ್ಸ್ ಕಾಂಪ್ಲಿಮೆಂಟ್ ಕೂಡಿಕೆಯಲ್ಲಿ ಅದನ್ನು ಬಿಡುವ ಹಾಗಿಲ್ಲ. ಎಡತುದಿಯಿಂದ ಹೊರಬಂದದ್ದನ್ನು ಸುತ್ತಿಸಿ ತಂದು ಬಲತುದಿಯಲ್ಲಿ ಸೇರಿಸಬೇಕು. ಹಾಗೆ 10000 ಎಂಬುದು 0000 + 1, ಅಂದರೆ 0001 ಆಗುತ್ತದೆ. FFFF ಬರಲಿಲ್ಲ, ತಪ್ಪು ಸಿಕ್ಕಿತು.

ಈ ಸುತ್ತಿಸುವಿಕೆಯಿಂದ ಏನು ಲಾಭ? ತೀರಾ ಎಡಗಡೆಯ ಬಿಟ್‌ಗಳನ್ನು ನೋಡಿ. ನಮ್ಮ ಮೊದಲ ಎರಡು ಸಂಖ್ಯೆಗಳಲ್ಲಿ ಆ ಬಿಟ್ ಸೊನ್ನೆ. ಕೆಟ್ಟ ಮೆಮೊರಿಯಿಂದಾಗಿ ಎರಡರಲ್ಲೂ ಅದು ಒಂದಾಯಿತು ಎನ್ನೋಣ. 0CB6 ಹೋಗಿ 8CB6, 0CBF ಹೋಗಿ 8CBF. ಒಟ್ಟಿಗೆ 8000 ಎರಡು ಸಲ ಹೆಚ್ಚಾಗಿ ಸೇರಿ 13F91 ಬರುತ್ತದೆ. ಮುಂದಿನ ಒಂದನ್ನು ಎಸೆದರೆ ಉಳಿಯುವುದು 3F91, ಸರಿಯಾದ ಒಟ್ಟೇ! ಎರಡು ಅಕ್ಷರ ಕೆಟ್ಟಿದ್ದರೂ ಲೆಕ್ಕ ಸರಿ ಎನ್ನುತ್ತದೆ. ಆ ಒಂದನ್ನು ಸುತ್ತಿಸಿ ಸೇರಿಸಿದರೆ 3F92 ಬರುತ್ತದೆ, ತಪ್ಪು ಬಯಲಾಗುತ್ತದೆ. ಎಸೆಯುವ ಪದ್ಧತಿಯಲ್ಲಿ ಎಡತುದಿಯ ಬಿಟ್‌ಗೆ ಕಾವಲು ಕಡಿಮೆ, ಅದರಿಂದ ಹೊರಟ ಒಂದಕ್ಕೆ ಹೋಗಲು ಜಾಗವಿಲ್ಲ. ಸುತ್ತಿಸುವ ಪದ್ಧತಿಯಲ್ಲಿ ಹದಿನಾರು ಸ್ಥಾನಗಳಿಗೂ ಒಂದೇ ಬೆಲೆ.

ಎರಡನೆಯ ಲಾಭ ನನಗೆ ಇನ್ನೂ ಚೆನ್ನಾಗಿ ಕಂಡಿತು. ಹದಿನಾರು ಬಿಟ್ ಎಂದರೆ ಎರಡು ಬೈಟ್. ಕೆಲವು ಯಂತ್ರಗಳು ದೊಡ್ಡ ಬೈಟನ್ನು ಮೊದಲು ಇಡುತ್ತವೆ, ಕೆಲವು ಚಿಕ್ಕದನ್ನು. ಇಂಟರ್ನೆಟ್‌ನ ನಿಯಮ ದೊಡ್ಡದು ಮೊದಲು ಎಂಬುದು. ಆದರೆ ನಮ್ಮ ಲ್ಯಾಪ್‌ಟಾಪ್‌ಗಳಲ್ಲಿರುವ ಇಂಟೆಲ್ ಪ್ರೊಸೆಸರ್‌ಗಳು ಚಿಕ್ಕದನ್ನು ಮೊದಲು ಇಡುತ್ತವೆ. ಹಾಗಾಗಿ ಪ್ಯಾಕೆಟ್‌ನಲ್ಲಿ ಬಂದ 0CB6 ಅನ್ನು ಅವು B60C ಎಂದು ಓದುತ್ತವೆ. ಹೀಗೆ ತಿರುಗುಮುರುಗಾಗಿ ಓದಿಕೊಂಡೇ ಕೂಡಿದರೆ ಏನಾಗುತ್ತದೆ?

```
B60C + BF0C = 17518 -> 7519
7519 + B50C = 12A25 -> 2A26
2A26 + A80C =  D232
D232 + BF0C = 1913E -> 913F
```

ಉತ್ತರ 913F. ಮೊದಲಿನ ಉತ್ತರ 3F91 ಅನ್ನು ಪಕ್ಕದಲ್ಲಿಟ್ಟು ನೋಡಿ. ಅದೇ ಎರಡು ಬೈಟ್‌ಗಳು ಜಾಗ ಬದಲಿಸಿಕೊಂಡಿವೆ, ಅಷ್ಟೇ. ಚೆಕ್‌ಸಮ್ 6EC0 ಆಗುತ್ತದೆ. ಈ ಯಂತ್ರ ಅದನ್ನು ತನ್ನ ಕ್ರಮದಲ್ಲಿ ಮೆಮೊರಿಗೆ ಬರೆದಾಗ ಚಿಕ್ಕ ಬೈಟ್ ಮೊದಲು ಬಂದು, ಪ್ಯಾಕೆಟ್‌ನಲ್ಲಿ C0, 6E ಎಂದೇ ಕೂರುತ್ತದೆ. ಎರಡೂ ಬಗೆಯ ಯಂತ್ರಗಳು ಒಂದೇ ಚೆಕ್‌ಸಮ್ ಕಳಿಸಿದಂತಾಯಿತು.

ಇದು ಮಾಯವಲ್ಲ. B6 ಮತ್ತು BF ಕೂಡಿದಾಗ ಕೈಯಲ್ಲಿ ಒಂದು ಉಳಿಯುತ್ತದೆ. ಮೊದಲ ಲೆಕ್ಕದಲ್ಲಿ ಅದು ಎಡಪಕ್ಕದ 0C ಗಳ ಮೊತ್ತಕ್ಕೆ ಸೇರಿತು. ಎರಡನೆಯದರಲ್ಲಿ ಎಡತುದಿಯಿಂದ ಹೊರಬಿದ್ದು ಸುತ್ತಿ ಬಂದು, ಬಲಪಕ್ಕದಲ್ಲಿರುವ ಅದೇ 0C ಗಳ ಮೊತ್ತಕ್ಕೆ ಸೇರಿತು. ಸಾಲಾಗಿ ಕೂತವರಲ್ಲಿ ಜಾಗ ಬದಲಾದರೆ ಪಕ್ಕದವರು ಬದಲಾಗುತ್ತಾರೆ. ದುಂಡಗೆ ಕೂತವರನ್ನು ಎಷ್ಟು ತಿರುಗಿಸಿದರೂ ಪಕ್ಕದವರು ಅವರೇ. ಒನ್ಸ್ ಕಾಂಪ್ಲಿಮೆಂಟ್ ಕೂಡಿಕೆ ಬಿಟ್‌ಗಳನ್ನು ದುಂಡಗೆ ಕೂರಿಸುತ್ತದೆ. ರಾಬರ್ಟ್ ಬ್ರೇಡನ್, ಡೇವಿಡ್ ಬೋರ್ಮನ್, ಕ್ರೇಗ್ ಪಾರ್ಟ್ರಿಜ್ ಎಂಬ ಮೂವರು 1988ರಲ್ಲಿ ಬರೆದ ಆರ್‌ಎಫ್‌ಸಿ 1071 ಎಂಬ ದಾಖಲೆ ಈ ಗುಣವನ್ನು ಎತ್ತಿ ಹೇಳುತ್ತದೆ. ಬೈಟ್‌ಗಳನ್ನು ಅದಲುಬದಲು ಮಾಡುವ ಶ್ರಮ ಉಳಿದರೆ ಲೆಕ್ಕ ಬೇಗ ಮುಗಿಯುತ್ತದೆ.

ಕಂಪ್ಯೂಟರ್ ಲ್ಯಾಬಿನಲ್ಲಿ ಪೈಥಾನ್‌ನಲ್ಲಿ ಹೀಗೆ ಪರೀಕ್ಷಿಸಬಹುದು. ಉತ್ತರ 0xc06e ಬರಬೇಕು.

```python
s = 0
for w in [0x0CB6, 0x0CBF, 0x0CB5, 0x0CA8, 0x0CBF]:
    s = s + w
    if s > 0xFFFF:
        s = (s & 0xFFFF) + 1
print(hex(0xFFFF - s))
```

ಇನ್ನು ಇದರ ಮಿತಿ. ಮನೆಯಲ್ಲಿ ಇದನ್ನೆಲ್ಲ ವಿವರಿಸಿದಾಗ ಅಬ್ಬಾ ಕೇಳಿದ್ದು ಒಂದೇ ಪ್ರಶ್ನೆ: “ಒಂದು ಚೀಲದಲ್ಲಿ ಎರಡು ಕೆಜಿ ಜಾಸ್ತಿ ಬರ್ದು, ಇನ್ನೊಂದರಲ್ಲಿ ಎರಡು ಕೆಜಿ ಕಮ್ಮಿ ಬರ್ದ್ರೆ ನಿನ್ನ ಲೆಕ್ಕಕ್ಕೆ ಗೊತ್ತಾಗುತ್ತಾ?” ಗೊತ್ತಾಗುವುದಿಲ್ಲ. ಶ (0CB6) ಹೋಗಿ ಷ (0CB7) ಆದರೆ ಒಂದು ಹೆಚ್ಚು. ನ (0CA8) ಹೋಗಿ ಧ (0CA7) ಆದರೆ ಒಂದು ಕಡಿಮೆ. ಎರಡೂ ಒಟ್ಟಿಗೆ ಆದರೆ ‘ಶಿವನಿ’ ಹೋಗಿ ‘ಷಿವಧಿ’ ಬರುತ್ತದೆ, ಚೆಕ್‌ಸಮ್ ಮಾತ್ರ C06E ಆಗಿಯೇ ಇರುತ್ತದೆ. ಕ್ರಮ ತಪ್ಪಿದರೂ ಅಷ್ಟೇ. ‘ನಿವಶಿ’ ಎಂದು ಬರೆದರೆ ಅದೇ ಐದು ಸಂಖ್ಯೆಗಳು, ಅದೇ ಒಟ್ಟು. ಈರುಳ್ಳಿ ಚೀಲಗಳು ಯಾವ ಕ್ರಮದಲ್ಲಿ ಇಳಿದರೂ ನಡೆಯುತ್ತದೆ. ಊರಿನ ಹೆಸರಿಗೆ, ಹಾಲ್ ಟಿಕೆಟ್‌ನಲ್ಲಿರುವ ನಮ್ಮ ಹೆಸರಿಗೆ ಹಾಗಲ್ಲ.

ಆದ್ದರಿಂದ ಇದೊಂದೇ ಕಾವಲಲ್ಲ. ವೈಫೈ, ಈಥರ್ನೆಟ್‌ಗಳಲ್ಲಿ ಸಿಆರ್‌ಸಿ ಎಂಬ ಮೂವತ್ತೆರಡು ಬಿಟ್‌ಗಳ ಇನ್ನೊಂದು ಪರೀಕ್ಷೆ ಇದೆ. ಅದಕ್ಕೆ ಕ್ರಮವೂ ಮುಖ್ಯ. ಆದರೆ ಅದು ಕಾಯುವುದು ಒಂದು ಸಾಧನದಿಂದ ಮುಂದಿನ ಸಾಧನದವರೆಗಿನ ದಾರಿಯನ್ನು ಮಾತ್ರ. ನಡುವಿನ ರೂಟರ್‌ನ ಮೆಮೊರಿಯಲ್ಲಿ ಬಿಟ್ ಕೆಟ್ಟರೆ, ಕೆಟ್ಟ ಪ್ಯಾಕೆಟ್‌ಗೇ ಹೊಸ ಸಿಆರ್‌ಸಿ ಬಿದ್ದು ಅದು ಮುಂದೆ ಹೋಗುತ್ತದೆ. ಅಂಥದ್ದನ್ನು ಕೊನೆಯಲ್ಲಿ ಹಿಡಿಯಬಲ್ಲದ್ದು ಈ ಸಣ್ಣ ಟಿಸಿಪಿ ಚೆಕ್‌ಸಮ್. ತಾಳೆಯಾಗದಿದ್ದರೆ ಪಡೆಯುವ ಯಂತ್ರ ಸದ್ದಿಲ್ಲದೆ ಆ ಪ್ಯಾಕೆಟನ್ನು ಬಿಟ್ಟುಬಿಡುತ್ತದೆ. ತಲುಪಿತು ಎಂಬ ಉತ್ತರ ಬಾರದ ಕಾರಣ ಕಳಿಸಿದವನು ಮತ್ತೆ ಕಳಿಸುತ್ತಾನೆ. ನಮಗೆ ಕಾಣುವುದು ಒಂದು ಕ್ಷಣದ ತಡ ಮಾತ್ರ.

ಬೇಕೆಂದೇ ಸಂದೇಶ ತಿದ್ದುವವನನ್ನು ಮಾತ್ರ ಇದು ತಡೆಯಲಾರದು. ಅವನು ತಿದ್ದಿದ ಮೇಲೆ ಹೊಸ ಒಟ್ಟು ಹಾಕಿ, ಬಿಟ್‌ಗಳನ್ನು ತಿರುಗಿಸಿ ಬರೆದರೆ ಮುಗಿಯಿತು. ಅದಕ್ಕೆ ಗುಟ್ಟಿನ ಕೀಲಿ ಇರುವ ಬೇರೆ ವಿಧಾನಗಳು ಬೇಕು. ನಾವು ಹಣ ಕಳಿಸುವಾಗ ಬ್ರೌಸರ್‌ನಲ್ಲಿ ಕಾಣುವ https ಆ ಕೆಲಸಕ್ಕೆ. ನಮ್ಮ ಮನೆಗಳಲ್ಲಿ ಅಮಾನತ್ ಎನ್ನುತ್ತಾರೆ, ಒಬ್ಬರು ಒಪ್ಪಿಸಿದ್ದನ್ನು ಇದ್ದ ಹಾಗೇ ತಲುಪಿಸುವುದು. ಕೈತಪ್ಪಿ ಕೆಟ್ಟ ಅಮಾನತ್ತಿನ ಬಹುಪಾಲನ್ನು C06E ಹಿಡಿಯುತ್ತದೆ. ಮನಸ್ಸು ಕೆಟ್ಟು ಮುರಿದ ಅಮಾನತ್ತನ್ನು ಹಿಡಿಯುವುದು ಅದರ ಕೆಲಸವಲ್ಲ.