ಎರಡು ಸಲ ಹೂಂ ಅನ್ನಬೇಕಾದ ವ್ಯವಹಾರ

ವಾಲೆಟ್‌ನಲ್ಲಿ ದುಡ್ಡಿದೆ. ಫೀಸಿಗೆ ಬೇಕಾದಷ್ಟು ಈಥರ್ ಇದೆ. ಇಂಟರ್ನೆಟ್ಟೂ ಸರಿಯಾಗಿದೆ. ಆದರೂ ಸ್ವಾಪ್ ಆಗ್ತಿಲ್ಲ. ಕ್ರಿಪ್ಟೋ ಬಳಸುವ ಗೆಳೆಯರಿಂದ ನನಗೆ ಬರೋ ಫೋನ್‌ಗಳಲ್ಲಿ ಇದೇ ದೂರು ಜಾಸ್ತಿ. ಮೊದಲು ಎಲ್ಲರೂ ಬೈಯೋದು ಸ್ವಾಪ್ ಮಾಡಿಕೊಡುವ ಸೈಟನ್ನ, ಆಮೇಲೆ ವಾಲೆಟನ್ನ. ನಾನು ಎರಡೇ ಪ್ರಶ್ನೆ ಕೇಳ್ತೀನಿ. ಒಪ್ಪಿಗೆ ಬ್ಲಾಕಿಗೆ ಸೇರಿದೆಯಾ? ಸೇರಿದ್ದರೆ ಎಷ್ಟಕ್ಕೆ ಕೊಟ್ಟಿದ್ದೀಯ?

ಯಾಕೆ ಈ ಪ್ರಶ್ನೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಈಥರಿಯಂ ಮೇಲೆ ಓಡಾಡುವ ಬಹುತೇಕ ಟೋಕನ್‌ಗಳು ಇಆರ್‌ಸಿ-20 ಅನ್ನುವ ಒಂದು ಒಪ್ಪಂದದ ಪ್ರಕಾರ ನಡೆಯುತ್ತವೆ. 2015ರಲ್ಲಿ ಬಂದ ಪ್ರಸ್ತಾವ ಅದು. ಅದರ ಪ್ರಕಾರ ನೀವು ನಿಮ್ಮ ಟೋಕನ್ನನ್ನು ಇನ್ನೊಬ್ಬರಿಗೆ ನೇರವಾಗಿ ಕಳಿಸಬಹುದು. ಆದರೆ ಸ್ವಾಪ್ ಮಾಡುವಾಗ ನಡೆಯೋದು ಹಾಗಲ್ಲ. ಅಲ್ಲಿ ನೀವು ಕಳಿಸುವುದಿಲ್ಲ, ಸ್ವಾಪ್ ಮಾಡುವ ಕಾಂಟ್ರಾಕ್ಟೇ ನಿಮ್ಮ ಖಾತೆಯಿಂದ ಎಳೆದುಕೊಳ್ಳುತ್ತದೆ. ಹಾಗೆ ಎಳೆದುಕೊಳ್ಳಬೇಕಾದರೆ ಅದಕ್ಕೆ ನಿಮ್ಮ ಅನುಮತಿ ಮೊದಲೇ ಇರಬೇಕು.

ಯುಪಿಐ ಆಟೋಪೇ ಗೊತ್ತಲ್ಲ, ಹೆಚ್ಚುಕಮ್ಮಿ ಅದೇ. ಓಟಿಟಿ ಕಂಪನಿಗೆ ನೀವು ತಿಂಗಳು ತಿಂಗಳು ದುಡ್ಡು ಕಳಿಸೋದಿಲ್ಲ. ಇಷ್ಟು ಮೊತ್ತದವರೆಗೆ ತಗೋಬಹುದು ಅಂತ ಒಂದು ಮ್ಯಾಂಡೇಟ್ ಕೊಟ್ಟಿರುತ್ತೀರಿ, ಅವರು ಎಳೆದುಕೊಳ್ಳುತ್ತಾರೆ. ಮ್ಯಾಂಡೇಟ್ 200 ರೂಪಾಯಿಗಿದ್ದು ಬಿಲ್ 500 ಬಂದರೆ, ನಿಮ್ಮ ಬ್ಯಾಂಕಲ್ಲಿ ಲಕ್ಷ ಇದ್ದರೂ ಅದು ಪಾಸಾಗಲ್ಲ. ಟೋಕನ್ ಕಾಂಟ್ರಾಕ್ಟಿನ ಒಳಗೆ ಇದೇ ಲೆಕ್ಕ ಮೂರು ಫಂಕ್ಷನ್‌ಗಳಲ್ಲಿ ಇದೆ:

```
approve(spender, amount)
transferFrom(from, to, amount)
allowance(owner, spender)
```

ಮೊದಲನೆಯದು ಅನುಮತಿ ಬರೆಯೋದು. ಎರಡನೆಯದು ಆ ಅನುಮತಿ ಬಳಸಿ ಎಳೆದುಕೊಳ್ಳೋದು. ಮೂರನೆಯದು ಈಗ ಎಷ್ಟು ಅನುಮತಿ ಬಾಕಿ ಇದೆ ಅಂತ ಓದೋದು. ಅನುಮತಿ ಒಂದು ಟ್ರಾನ್ಸಾಕ್ಷನ್, ಸ್ವಾಪ್ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಸಹಿ, ಬೇರೆ ಬೇರೆ ಫೀಸು. ಹೆಚ್ಚಿನ ತೊಂದರೆ ಹುಟ್ಟೋದು ಈ ಎರಡರ ನಡುವಿನ ಜಾಗದಲ್ಲಿ.

ಹುಬ್ಬಳ್ಳಿಯಲ್ಲಿ ನನ್ನ ಗೆಳೆಯನ ತಮ್ಮ ಒಬ್ಬ ಇದ್ದಾನೆ. ಹೊರದೇಶದ ಗಿರಾಕಿಗಳಿಗೆ ಡಿಸೈನ್ ಮಾಡಿಕೊಡ್ತಾನೆ, ಅವರಲ್ಲಿ ಒಬ್ಬರು ಯುಎಸ್‌ಡಿಸಿಯಲ್ಲಿ ದುಡ್ಡು ಕೊಡ್ತಾರೆ. ಒಂದು ಸಂಜೆ ಫೋನ್ ಮಾಡಿದ. "ಅಣ್ಣಾ, 600 ಐತಿ. 400 ಸ್ವಾಪ್ ಮಾಡಿ ಈಥರ್ ತಗೋಬೇಕು. ಎಷ್ಟ್ ಸಲ ಮಾಡಿದ್ರೂ ಆಗವಲ್ದು."

ಅಪ್ರೂವಲ್ ಕನ್ಫರ್ಮ್ ಆಗಿದೆಯಾ ಅಂತ ಕೇಳಿದೆ. "ಕನ್ಫರ್ಮ್ ಒತ್ತೀನಿ ಅಣ್ಣಾ!" ಅಂದ.

ಸಮಸ್ಯೆಯ ಅರ್ಧ ಈ ಉತ್ತರದಲ್ಲೇ ಇತ್ತು. ವಾಲೆಟ್‌ನಲ್ಲಿ 'ಕನ್ಫರ್ಮ್' ಬಟನ್ ಒತ್ತಿದರೆ ಆಗೋದು ಸಹಿ ಮಾತ್ರ. ಸಹಿ ಮಾಡಿದ ಕಾಗದ ನೆಟ್‌ವರ್ಕಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತದೆ. ಅದನ್ನು ಯಾರಾದರೂ ಎತ್ತಿಕೊಂಡು ಬ್ಲಾಕಿಗೆ ಸೇರಿಸಿದ ಮೇಲೇ ಅದು ಕನ್ಫರ್ಮ್ ಆದ ಹಾಗೆ. ಅಲ್ಲಿಯವರೆಗೆ ಟೋಕನ್ ಕಾಂಟ್ರಾಕ್ಟಿಗೆ ನಿಮ್ಮ ಒಪ್ಪಿಗೆಯ ಸುದ್ದಿಯೇ ಇಲ್ಲ. ಅದರ ಪುಸ್ತಕದಲ್ಲಿ ನಿಮ್ಮ ಅನುಮತಿ ಇನ್ನೂ ಸೊನ್ನೆ.

ಅವನ ಟ್ರಾನ್ಸಾಕ್ಷನ್ ಹ್ಯಾಶ್ ತರಿಸಿಕೊಂಡು ಈಥರ್‌ಸ್ಕ್ಯಾನ್‌ನಲ್ಲಿ ಹಾಕಿ ನೋಡಿದೆ. ಪೆಂಡಿಂಗ್. ಫೀಸು ಉಳಿಸೋಣ ಅಂತ ಅವನು ಅತಿ ಕಡಿಮೆಯ ಆಯ್ಕೆ ಒತ್ತಿದ್ದ. ಅವನ ಗರಿಷ್ಠ ಮಿತಿ 8 ಗ್ವೇ, ಆ ಹೊತ್ತಿಗೆ ನೆಟ್‌ವರ್ಕಿನ ಮೂಲ ಶುಲ್ಕ 14 ಗ್ವೇ. ಈಥರಿಯಂನಲ್ಲಿ ಮೂಲ ಶುಲ್ಕ ಪ್ರತಿ 12 ಸೆಕೆಂಡಿನ ಬ್ಲಾಕಿಗೂ ಏರಿಳಿಯುತ್ತದೆ. ನೀವು ಒಪ್ಪಿದ ಮಿತಿ ಅದಕ್ಕಿಂತ ಕೆಳಗಿದ್ದರೆ ನಿಮ್ಮ ಟ್ರಾನ್ಸಾಕ್ಷನ್ನನ್ನು ಬ್ಲಾಕಿಗೆ ಸೇರಿಸಲು ನಿಯಮದಲ್ಲೇ ಅವಕಾಶವಿಲ್ಲ. ಶುಲ್ಕ ಇಳಿಯುವವರೆಗೆ ಕಾಯೋದೊಂದೇ.

ಸ್ವಾಪ್ ಸೈಟು ಮಾತ್ರ ಸಹಿ ಕಂಡ ತಕ್ಷಣ ಮುಂದಿನ ಬಟನ್ ತೋರಿಸಿತ್ತು. ಅವನು ಒತ್ತಿದ. ವಾಲೆಟ್ ಕಳಿಸುವ ಮೊದಲು ಒಂದು ಸಲ ಪ್ರಯೋಗ ಮಾಡಿ ನೋಡುತ್ತದೆ, ಈಗಿನ ಸ್ಥಿತಿಯಲ್ಲಿ ಇದು ನಡೆಯುತ್ತಾ ಅಂತ. ಈಗಿನ ಸ್ಥಿತಿಯಲ್ಲಿ ಅನುಮತಿ ಸೊನ್ನೆ. ಆದ್ದರಿಂದ ಗ್ಯಾಸ್ ಅಂದಾಜಿಸಲು ಆಗಲಿಲ್ಲ, ಇದು ವಿಫಲವಾಗಬಹುದು ಅಂತ ಕೆಂಪಕ್ಷರದ ಎಚ್ಚರಿಕೆ. ಇಂಥ ಹೊತ್ತಲ್ಲಿ ಪುಣ್ಯಕ್ಕೆ ದುಡ್ಡೇನೂ ಹೋಗಿರಲ್ಲ. ಆ ಎಚ್ಚರಿಕೆ ಪಾಲಿಸಿ ನಿಂತರೆ ಸಾಕು.

ಇಲ್ಲಿ ಕ್ಯಾನ್ಸಲ್ ಒತ್ತಬೇಡ ಅಂತ ಹೇಳಿದೆ. ಒಂದು ವಿಳಾಸದಿಂದ ಹೊರಡುವ ಟ್ರಾನ್ಸಾಕ್ಷನ್‌ಗಳಿಗೆ ನಾನ್ಸ್ ಅನ್ನುವ ಸರದಿ ಸಂಖ್ಯೆ ಇರುತ್ತದೆ. ಅಪ್ರೂವಲ್ 41 ಆಗಿದ್ದರೆ ಸ್ವಾಪ್ 42. 41 ಮುಗಿಯದೆ 42 ಒಳಗೆ ಹೋಗೋ ಹಾಗಿಲ್ಲ. ಎಚ್ಚರಿಕೆ ಮೀರಿ ಸ್ವಾಪ್ ಕಳಿಸಿದ್ದರೂ ಅದು ಹಿಂದೆ ನಿಂತು ಕಾಯ್ತಿತ್ತು ಅಷ್ಟೇ. ಆದರೆ ಆಗ 41ನ್ನು ರದ್ದು ಮಾಡಿದ್ದರೆ, 42ಕ್ಕೆ ದಾರಿ ಬಿಟ್ಟ ಹಾಗಾಗಿ, ಅದು ಅನುಮತಿಯೇ ಇಲ್ಲದೆ ಓಡಿ, ಬಿದ್ದು, ಫೀಸು ತಿನ್ನುತ್ತಿತ್ತು. ಸರಿಯಾದ ದಾರಿ 'ಸ್ಪೀಡ್ ಅಪ್'. ಅದೇ ಸಂಖ್ಯೆ, ಅದೇ ಒಪ್ಪಿಗೆ, ಜಾಸ್ತಿ ಫೀಸು. ಸಾಮಾನ್ಯವಾಗಿ ಹಳೆಯದಕ್ಕಿಂತ ಕನಿಷ್ಠ ಶೇ. 10ರಷ್ಟು ಹೆಚ್ಚಿಸದಿದ್ದರೆ ನೋಡ್‌ಗಳು ಬದಲಿಯನ್ನು ತೆಗೆದುಕೊಳ್ಳುವುದಿಲ್ಲ. ಅವನಿಗೆ ಮೂಲ ಶುಲ್ಕವನ್ನೂ ದಾಟಬೇಕಿತ್ತಲ್ಲ, ಅದಕ್ಕೆ ಮಿತಿಯನ್ನು 20ಕ್ಕೆ ಏರಿಸಿದ. ನಿಮಿಷದೊಳಗೆ ಅಪ್ರೂವಲ್ ಬ್ಲಾಕಿಗೆ ಸೇರಿತು, ಹಸಿರು ಬಣ್ಣದಲ್ಲಿ ಸಕ್ಸೆಸ್ ಅಂತ ಬಂತು.

ಫೋನಿಟ್ಟ. ಹತ್ತು ನಿಮಿಷಕ್ಕೆ ಮತ್ತೆ ಬಂತು. "ಅಣ್ಣಾ, ಸಕ್ಸೆಸ್ ಅಂತ ಐತಿ, ಆದ್ರೂ ಫೇಲ್. ಈ ಸಲ ಫೀಸೂ ಹೋತು." ಎಚ್ಚರಿಕೆ ಮತ್ತೆ ಬಂದಿತ್ತಂತೆ, ಹಳೇದೇ ಇರಬೇಕು ಅಂದ್ಕೊಂಡು ಮುಂದೆ ಹೋಗಿದ್ದ. ಈ ಸಲ ಸಾಲಿನ ಮುಂದೆ ಯಾರೂ ಇರಲಿಲ್ಲ, ಹಾಗಾಗಿ ಟ್ರಾನ್ಸಾಕ್ಷನ್ ನಿಜವಾಗಿಯೇ ಓಡಿ ಮಧ್ಯದಲ್ಲಿ ಬಿತ್ತು. ಹೀಗೆ ಬಿದ್ದಾಗ ಎಲ್ಲವೂ ಹಿಂದಕ್ಕೆ ಹೋಗುತ್ತದೆ, ಒಂದು ಪೈಸೆ ಯುಎಸ್‌ಡಿಸಿ ಕದಲಿರುವುದಿಲ್ಲ. ಆದರೆ ಬೀಳುವವರೆಗೆ ಮಾಡಿದ ಕೆಲಸದ ಫೀಸು ವಾಪಸ್ ಬರಲ್ಲ.

ವಿಫಲವಾದ ಟ್ರಾನ್ಸಾಕ್ಷನ್‌ನಲ್ಲಿ ಕಾಣುವ ಸಂದೇಶ ಕಾಂಟ್ರಾಕ್ಟಿನಿಂದ ಕಾಂಟ್ರಾಕ್ಟಿಗೆ ಬೇರೆ. ಸಾಮಾನ್ಯವಾಗಿ ಸಿಗೋದು ಇಂಥವು:

```
ERC20: transfer amount exceeds allowance
TRANSFER_FROM_FAILED
STF
```

ಮೊದಲನೆಯದು ಸ್ಪಷ್ಟವಾಗಿದೆ, ಅನುಮತಿಗಿಂತ ಜಾಸ್ತಿ ಕೇಳಿದ್ದೀಯ ಅಂತ. ಉಳಿದೆರಡು ಎಳೆಯಲು ಆಗಲಿಲ್ಲ ಅಂತ ಮಾತ್ರ ಹೇಳುತ್ತವೆ. ಖಾತೆಯಲ್ಲಿ ಟೋಕನ್ನೇ ಕಮ್ಮಿ ಇದ್ದರೂ ಅವೇ ಬರಬಹುದು. ಅವನಿಗೆ ಬಂದದ್ದು ಎರಡನೆಯದು. ಬ್ಯಾಲೆನ್ಸ್ 600 ಇದ್ದೇ ಇತ್ತು. ಹಾಗಾಗಿ ಊಹೆ ಬಿಟ್ಟು ಪುಸ್ತಕವನ್ನೇ ತೆರೆದು ನೋಡಿದೆವು.

ಇದನ್ನು ಯಾರು ಬೇಕಾದರೂ ಮಾಡಬಹುದು, ವಾಲೆಟ್ ಜೋಡಿಸುವ ಅಗತ್ಯವೂ ಇಲ್ಲ, ಫೀಸೂ ಇಲ್ಲ. ಈಥರ್‌ಸ್ಕ್ಯಾನ್‌ನಲ್ಲಿ ಟೋಕನ್ ಕಾಂಟ್ರಾಕ್ಟಿನ ಪುಟ ತೆರೆದು `Read Contract` ಒತ್ತಬೇಕು. ಯುಎಸ್‌ಡಿಸಿಗೆ ಅದರ ಪಕ್ಕದ `Read as Proxy`, ಯಾಕಂದ್ರೆ ಅದರ ನಿಜವಾದ ಕೋಡು ಹಿಂದೆ ಬೇರೆ ಕಾಂಟ್ರಾಕ್ಟಿನಲ್ಲಿದೆ. ಅಲ್ಲಿ `allowance` ಹುಡುಕಿ, `owner` ಇದ್ದಲ್ಲಿ ನಿಮ್ಮ ವಿಳಾಸ, `spender` ಇದ್ದಲ್ಲಿ ಅನುಮತಿ ಪಡೆದ ಕಾಂಟ್ರಾಕ್ಟಿನ ವಿಳಾಸ ಹಾಕಬೇಕು. ನಮಗೆ ಬಂದ ಉತ್ತರ:

```
250000000
```

"25 ಕೋಟಿ ಐತಲ್ಲೋ ಅಣ್ಣಾ!" ಅಂತ ನಕ್ಕ. ಅದು ಕೋಟಿ ಅಲ್ಲ. ಕಾಂಟ್ರಾಕ್ಟಿಗೆ ದಶಾಂಶ ಗೊತ್ತಿಲ್ಲ. ಯುಎಸ್‌ಡಿಸಿಯಲ್ಲಿ ಕೊನೆಯ 6 ಅಂಕಿಗಳು ಚಿಲ್ಲರೆ. ಅಂದರೆ ಅನುಮತಿ ಬರೀ 250. ಕೇಳಿದ್ದು 400. ವಾಲೆಟ್ ಅಪ್ರೂವಲ್ ತೋರಿಸುವಾಗ ಖರ್ಚಿನ ಮಿತಿಯನ್ನು ತಿದ್ದಲು ಬಿಡುತ್ತದೆ. ಹುಷಾರಾಗಿರೋಣ ಅಂತ ಅವನು ಅಲ್ಲಿ 250 ಬರೆದಿದ್ದ, ಆಮೇಲೆ ಮನಸ್ಸು ಬದಲಾಯಿಸಿ 400 ಸ್ವಾಪ್ ಮಾಡಲು ಹೊರಟಿದ್ದ.

"ಹಂಗಾದ್ರ ಇನ್ನ 150ಕ್ಕ ಅಪ್ರೂವ್ ಕೊಟ್ರ ಆತಲ್ಲ?"

ತುಂಬಾ ಜನ ಹೀಗೇ ಯೋಚಿಸ್ತಾರೆ. ಆದರೆ `approve` ಕೂಡಿಸುವುದಿಲ್ಲ, ಅಳಿಸಿ ಬರೆಯುತ್ತದೆ. 150 ಕೊಟ್ಟರೆ ಅನುಮತಿ 400 ಆಗಲ್ಲ, 150ಕ್ಕೆ ಇಳಿಯುತ್ತದೆ. ಪೂರ್ತಿ 400ಕ್ಕೇ ಹೊಸದಾಗಿ ಕೊಡಬೇಕು. ಅವನು ಹಾಗೆ ಮಾಡಿದ, ಬ್ಲಾಕಿಗೆ ಸೇರುವವರೆಗೆ ಕಾದ, ಮತ್ತೊಮ್ಮೆ ಓದಿ 400000000 ಅಂತ ನೋಡಿಕೊಂಡ, ಆಮೇಲೆ ಸ್ವಾಪ್ ಮಾಡಿದ. ಆಯ್ತು. ಮುಗಿದ ಮೇಲೆ ಅನುಮತಿ ಮತ್ತೆ ಸೊನ್ನೆಗೆ ಬಂತು, ಯಾಕಂದ್ರೆ ಎಳೆದುಕೊಂಡಷ್ಟೂ ಅದು ಕಳೆಯುತ್ತಾ ಹೋಗುತ್ತದೆ.

ಅವನ ಹತ್ರ ಇದ್ದದ್ದು ಯುಎಸ್‌ಡಿಟಿ ಆಗಿದ್ದರೆ ಇನ್ನೊಂದು ಸುತ್ತು ಇರುತ್ತಿತ್ತು. ಈಥರಿಯಂ ಮೇಲಿನ ಆ ಟೋಕನ್ನಿನ ಕಾಂಟ್ರಾಕ್ಟು ಬಾಕಿ ಇರುವ ಅನುಮತಿಯ ಮೇಲೆ ನೇರವಾಗಿ ಹೊಸ ಅಂಕಿ ಬರೆಯಲು ಬಿಡುವುದಿಲ್ಲ. ಮೊದಲು ಸೊನ್ನೆ ಮಾಡಬೇಕು, ಆಮೇಲೆ 400. ಇದು ಗೊತ್ತಿಲ್ಲದವರು ಅಪ್ರೂವಲ್ಲೇ ಫೇಲ್ ಆಗೋದನ್ನ ನೋಡಿ ತಲೆ ಕೆಡಿಸಿಕೊಳ್ತಾರೆ.

ಇನ್ನೊಂದು ಮಾತು. ಅನುಮತಿ ಇರೋದು ಸೈಟಿನ ಹೆಸರಿಗಲ್ಲ, ಒಂದು ಕಾಂಟ್ರಾಕ್ಟಿನ ವಿಳಾಸಕ್ಕೆ, ಅದೂ ಒಂದೇ ನೆಟ್‌ವರ್ಕಿನಲ್ಲಿ. ಹೋದ ವರ್ಷ ಕೊಟ್ಟಿದ್ದೆ ಅಂತ ನೀವು ಹೇಳಬಹುದು. ಸೈಟು ಅದೇ ಇದ್ದು ಒಳಗಿನ ರೌಟರ್ ಹೊಸದಾಗಿದ್ದರೆ ಹಳೇ ಅನುಮತಿ ಅಲ್ಲಿ ನಡೆಯಲ್ಲ. ಅದಕ್ಕೇ `allowance` ಓದುವಾಗ ವಿಳಾಸವನ್ನು ನೆನಪಿನಿಂದ ಹಾಕದೆ, ವಾಲೆಟ್ ಈಗ ತೋರಿಸುತ್ತಿರುವ ಅಪ್ರೂವಲ್‌ನಿಂದಲೇ ತಗೋಬೇಕು.

ಈ ರಗಳೆಯೇ ಬೇಡ ಅಂತ ಹಲವರು ಅಪರಿಮಿತ ಅನುಮತಿ ಕೊಟ್ಟುಬಿಡ್ತಾರೆ. ನಿಜ, ಆ ಕಾಂಟ್ರಾಕ್ಟಿಗೆ ಅನುಮತಿ ಸಾಲದು ಅನ್ನೋ ಮಾತು ಮತ್ತೆ ಬರಲ್ಲ, ಪ್ರತಿಸಲದ ಫೀಸೂ ಉಳಿಯುತ್ತದೆ. ಆದರೆ ಆ ಅನುಮತಿಗೆ ಕೊನೆಯ ದಿನಾಂಕ ಇಲ್ಲ. ಇವತ್ತು ಖಾತೆಯಲ್ಲಿರುವ 600ಕ್ಕೆ ಮಾತ್ರ ಅಲ್ಲ, ಮುಂದಿನ ವರ್ಷ ಬರುವ ದುಡ್ಡಿಗೂ ಅದು ಅನ್ವಯ. 2021ರ ಡಿಸೆಂಬರ್‌ನಲ್ಲಿ ಬ್ಯಾಡ್ಜರ್‌ಡಾವೋ ಅನ್ನುವ ಯೋಜನೆಯ ವೆಬ್ ಪುಟಕ್ಕೆ ಕಳ್ಳರು ತಮ್ಮ ಕೋಡು ಸೇರಿಸಿ, ಬಳಕೆದಾರರಿಂದ ತಮ್ಮ ವಿಳಾಸಕ್ಕೇ ಅನುಮತಿ ಬರೆಸಿಕೊಂಡಿದ್ದರು. ಆಮೇಲೆ ಸುಮಾರು 12 ಕೋಟಿ ಡಾಲರ್ ಎಳೆದುಕೊಂಡರು. ಯಾರ ಪಾಸ್‌ವರ್ಡೂ ಕಳುವಾಗಿರಲಿಲ್ಲ.

ಹಾಗಾಗಿ ಹುಬ್ಬಳ್ಳಿಯ ತಮ್ಮ 250 ಅಂತ ಬರೆದದ್ದನ್ನ ನಾನು ತಪ್ಪು ಅನ್ನಲ್ಲ. ಮಿತಿ ಇಟ್ಟದ್ದು ಸರಿ, ಮೊತ್ತ ಬದಲಾದಾಗ ಮಿತಿಯನ್ನೂ ಬದಲಾಯಿಸಬೇಕಿತ್ತು. ಈಗ ಅವನು ಅಪ್ರೂವಲ್ ಕೊಟ್ಟ ಮೇಲೆ ಬ್ಲಾಕ್ ಸಂಖ್ಯೆ ಬರುವವರೆಗೆ ಸ್ವಾಪ್ ಬಟನ್ ಮುಟ್ಟೋದಿಲ್ಲ. ಅಷ್ಟರಲ್ಲಿ ಒಂದು ಚಹಾ ಆಗುತ್ತದಂತೆ.