ಹಾಲಿನ ಲೆಕ್ಕದ ಪಕ್ಕದಲ್ಲಿ

ಅಕ್ಕಲಕೋಟೆಯ ಆ ಶಿಕ್ಷಕಿಗೆ ತಲೆನೋವು ಹೊಸದಲ್ಲ. ಮರಾಠಿಯಲ್ಲಿ ಅರ್ಧಶಿಶಿ, ಮನೆಮಾತಿನಲ್ಲಿ ಅರೆತಲೆನೋವು. ಯಾವ ಹೆಸರಿನಿಂದ ಕರೆದರೂ ತಿಂಗಳಿಗೆ ಎರಡು ಮೂರು ಸಲ ಬಂದು, ಒಂದು ದಿನ ಕತ್ತಲೆ ಕೋಣೆಯಲ್ಲಿ ಮಲಗಿಸಿ ಹೋಗುತ್ತಿತ್ತು. ಐವತ್ತರ ಹೊಸ್ತಿಲಲ್ಲಿ ಅದರ ಸ್ವಭಾವ ಬದಲಾಯಿತು. ಬೆಳಗ್ಗೆ ಏಳುವಾಗಲೇ ಮಂದವಾದ ನೋವು ತಲೆತುಂಬ ಹರಡಿರುತ್ತಿತ್ತು. ಚಹದೊಡನೆ ಒಂದು ಗುಳಿಗೆ ನುಂಗಿದರೆ ಮಧ್ಯಾಹ್ನದವರೆಗೆ ಪಾಠ ಸಾಗುತ್ತಿತ್ತು. ಮರುದಿನ ಮತ್ತೆ ಅದೇ. ಪ್ಯಾರಾಸಿಟಮಾಲ್ ಮತ್ತು ಕೆಫೀನ್ ಕೂಡಿದ ಗುಳಿಗೆ ಅದು. ನೋವು ಹೆಚ್ಚಿದ್ದರಿಂದ ಗುಳಿಗೆ ಹೆಚ್ಚಿತೆಂದೇ ಆಕೆ ನಂಬಿದ್ದರು. ಯಾರಾದರೂ ಹಾಗೆಯೇ ನಂಬುತ್ತಾರೆ.

ಸೊಲ್ಲಾಪುರದ ನರರೋಗ ವೈದ್ಯರು ಕಣ್ಣು, ಕೈಕಾಲುಗಳ ಬಲ, ರಕ್ತದೊತ್ತಡ ಎಲ್ಲವನ್ನೂ ಪರೀಕ್ಷಿಸಿ, ಬೇರೆ ರೋಗದ ಸೂಚನೆಯಿಲ್ಲವೆಂದು ಕಂಡುಕೊಂಡ ಮೇಲೆ ಒಂದೇ ಪ್ರಶ್ನೆ ಕೇಳಿದರು: "ದಿನಕ್ಕ ಎಷ್ಟು ಗುಳಿಗಿ ಅಂತ ಬ್ಯಾಡ್ರಿ ಅಕ್ಕಾರ, ತಿಂಗಳದಾಗ ಎಷ್ಟು ದಿನ ತಗೋತೀರಿ, ಅದನ್ನ ಹೇಳ್ರಿ."

ಆಕೆಗೆ ಗೊತ್ತಿರಲಿಲ್ಲ. ಅಡುಗೆಮನೆಯ ದಿನದರ್ಶಿಕೆಯಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಗುರುತು ಹಾಕುತ್ತ ಹೋದರು. ತಿಂಗಳ ಕೊನೆಗೆ ನೋವಿನ ದಿನಗಳು 25, ಗುಳಿಗೆಯ ದಿನಗಳು 22.

ವೈದ್ಯರ ನಿರ್ಣಯಕ್ಕೆ ಆ ಎಣಿಕೆಯೇ ಆಧಾರವಾಯಿತು. ಮೊದಲೇ ತಲೆನೋವಿನ ರೋಗವಿದ್ದವರಿಗೆ ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ನೋವು ಬರುತ್ತಿದ್ದು, ಮೂರು ತಿಂಗಳು ಮೀರಿ ನೋವುನಿವಾರಕದ ಅತಿಬಳಕೆಯೂ ನಡೆದಿದ್ದರೆ ಈ ಸಂದೇಹ ಏಳುತ್ತದೆ. ಬರಿಯ ಪ್ಯಾರಾಸಿಟಮಾಲಿನಂಥ ಔಷಧಕ್ಕೆ ತಿಂಗಳಲ್ಲಿ 15 ದಿನ ಮಿತಿ; ಆಕೆ ನುಂಗುತ್ತಿದ್ದಂಥ ಕೂಡು ಔಷಧಕ್ಕೆ 10 ದಿನವೇ. ನಿತ್ಯದ ಔಷಧದಿಂದ ಮೆದುಳಿನ ನೋವಿನ ಹಾದಿಗಳು ಇನ್ನಷ್ಟು ಸೂಕ್ಷ್ಮವಾಗುತ್ತವೆ. ಔಷಧ ಇಳಿದಾಗ ನೋವು ಏಳುತ್ತದೆ, ಆ ನೋವು ಮತ್ತೊಂದು ಗುಳಿಗೆಯನ್ನು ಬೇಡುತ್ತದೆ.

"ನಮ್ಮ ಸಾಲ್ಯಾಗಿನ ಒಬ್ಬರು ಮೊಣಕಾಲಿಗಂತ ದಿನಾ ನುಂಗ್ತಾರಲ್ರಿ, ಅವರಿಗ್ಯಾಕ ತಲಿ ನೋಯಂಗಿಲ್ಲ?" ಎಂದು ಆಕೆ ಕೇಳಿದರು. ಒಳ್ಳೆಯ ಪ್ರಶ್ನೆಯೇ. ತಲೆನೋವಿನ ಪ್ರವೃತ್ತಿಯಿಲ್ಲದವರಲ್ಲಿ ಇದು ಸಾಮಾನ್ಯವಾಗಿ ಕಾಣಿಸುವುದಿಲ್ಲ, ಅಷ್ಟೆ.

ಆಕೆಯ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಬಹುದಾಗಿತ್ತು. ಅಫೀಮಿನ ವರ್ಗದ ಔಷಧವಾಗಿದ್ದರೆ ಹಂತಹಂತವಾಗಿ, ವೈದ್ಯರ ಕಣ್ಣೆದುರಿನಲ್ಲೇ ಬಿಡಬೇಕಾಗುತ್ತಿತ್ತು. ಅರೆತಲೆನೋವನ್ನು ತಡೆಯಲೆಂದು ರಾತ್ರಿಗೆ ಬೇರೊಂದು ಮಾತ್ರೆ ಆರಂಭವಾಯಿತು. ಮೊದಲು ನೋವು ಹೆಚ್ಚಾಗುವುದೆಂದು ವೈದ್ಯರು ಹೇಳಿಯೇ ಇದ್ದರು. ಹೇಳದಿದ್ದರೆ ಮೂರನೆಯ ದಿನ ಆಕೆ ಖಂಡಿತ ಸೋಲುತ್ತಿದ್ದರು: ವಾಂತಿ, ನಿದ್ದೆಯಿಲ್ಲದ ರಾತ್ರಿ, ಮಕ್ಕಳ ಮೇಲೆ ಸಿಡಿಮಿಡಿ. ದೀಪಾವಳಿಯ ರಜೆಯನ್ನು ಇದಕ್ಕೆಂದೇ ಆರಿಸಿಕೊಂಡಿದ್ದು ಜಾಣತನವಾಯಿತು. ಒಂಬತ್ತನೆಯ ದಿನ ಬೆಳಗ್ಗೆ ತಲೆ ಹಗುರವಾಗಿತ್ತು. ಹತ್ತನೆಯ ದಿನ ಮತ್ತೆ ನೋವಿತ್ತು.

ಎರಡು ತಿಂಗಳು ಕಳೆದ ಮೇಲೆ ನೋವಿನ ದಿನಗಳು ಐದಕ್ಕಿಳಿದವು. ಹಳೆಯ ಅರೆತಲೆನೋವು ಹೋಗಿಲ್ಲ. ಅದು ಬಂದಾಗ ಔಷಧವುಂಟು, ಆದರೆ ವಾರಕ್ಕೆ ಎರಡು ದಿನ ಮೀರುವಂತಿಲ್ಲ. ಹಾಲಿನವನ ಲೆಕ್ಕದ ಪಕ್ಕದಲ್ಲಿ ಆಕೆ ಈಗಲೂ ಗುರುತು ಹಾಕುತ್ತಾರೆ.